ಗೆರೆ ಮೇಲಕ್ಕೆ ಬಾಗಿದಾಗ: ಮೋಲಾರ್ ವಾಹಕತೆಯ ನಕ್ಷೆಯಲ್ಲಿ ದೋಷ ಹುಡುಕುವ ಬಗೆ

ಮಂಡ್ಯದ ಪದವಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಭೌತ ರಸಾಯನಶಾಸ್ತ್ರದ ಪ್ರಯೋಗಗಳನ್ನು ಮಾಡಿಸುತ್ತೇನೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಎರಡು ಗ್ರಾಫ್ ಹಾಳೆಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, "ಮೇಡಂ, ಎರಡೂ ಎಡತುದಿಯಲ್ಲಿ ಮೇಲಕ್ಕೆ ಬಾಗಿವೆ. ಎಲ್ಲಿ ತಪ್ಪಾಗಿದೆ?" ಎಂದು ಕೇಳಿದಳು. ಒಂದು ಹಾಳೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಅಸಿಟಿಕ್ ಆಮ್ಲ. ಎರಡರಲ್ಲೂ ಅಡ್ಡ ಅಕ್ಷದ ಮೇಲೆ ಸಾರತೆಯ ವರ್ಗಮೂಲ, ಲಂಬ ಅಕ್ಷದ ಮೇಲೆ ಮೋಲಾರ್ ವಾಹಕತೆ.

ಬಾಗು ಒಂದೇ ತರಹ ಕಂಡರೂ ಒಂದರಲ್ಲಿ ದೋಷವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಯಾವುದರಲ್ಲಿ ಇತ್ತು, ಅದು ಎಲ್ಲಿಂದ ಬಂತು, ದೋಷವಿಲ್ಲದ ನಕ್ಷೆಯಿಂದಲೂ ಉತ್ತರ ಏಕೆ ಸಿಗಲಿಲ್ಲ ಎನ್ನುವುದನ್ನು ಆ ದಿನ ನಾವು ಹುಡುಕಿದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಸರಿಯಾದ ನಕ್ಷೆ ಹೇಗಿರಬೇಕು

ಮೋಲಾರ್ ವಾಹಕತೆ ಎಂದರೆ ದ್ರಾವಣದ ವಾಹಕತೆಯನ್ನು ಅದರ ಸಾರತೆಯಿಂದ ಭಾಗಿಸಿದ ಬೆಲೆ. ಮೀಟರಿನ ಓದನ್ನು ಸೆಂಟಿಮೀಟರಿಗೆ ಇಷ್ಟು ಮೈಕ್ರೋಸೀಮೆನ್ಸ್ ಎಂದೂ ಸಾರತೆಯನ್ನು ಲೀಟರಿಗೆ ಇಷ್ಟು ಮೋಲ್ ಎಂದೂ ಇಟ್ಟುಕೊಂಡರೆ ಲೆಕ್ಕ ಹೀಗಿದೆ:

```
Λ = κ / (1000 · c)
```

ಬರುವ ಉತ್ತರದ ಮಾನ S cm² mol⁻¹. ಮುಂದೆ ಮೋಲಾರ್ ವಾಹಕತೆಗೆ ಸಂಖ್ಯೆಯನ್ನು ಮಾತ್ರ ಬರೆಯುತ್ತೇನೆ. ಮೀಟರಿನ ಓದನ್ನು ಬರಿದೇ ಮೈಕ್ರೋಸೀಮೆನ್ಸ್ ಎಂದು ಕರೆಯುತ್ತೇನೆ.

ಪೊಟ್ಯಾಸಿಯಂ ಕ್ಲೋರೈಡ್ ಪ್ರಬಲ ವಿದ್ಯುದ್ವಿಭಾಜ್ಯ. ನೀರಿಗೆ ಬಿದ್ದ ಕೂಡಲೇ ಅದು ಪೂರ್ತಿಯಾಗಿ ಅಯಾನುಗಳಾಗುತ್ತದೆ. ಇನ್ನಷ್ಟು ನೀರು ಬೆರೆಸಿದರೆ ಹೊಸ ಅಯಾನುಗಳು ಹುಟ್ಟುವುದಿಲ್ಲ. ಇರುವ ಅಯಾನುಗಳೇ ಪರಸ್ಪರ ದೂರವಾಗಿ, ಒಂದರ ಎಳೆತ ಇನ್ನೊಂದರ ಓಟಕ್ಕೆ ಕಡಿಮೆ ಅಡ್ಡಿಯಾಗುತ್ತದೆ, ಅಷ್ಟೇ. ಆದ್ದರಿಂದ ಏರಿಕೆ ಸಣ್ಣದು. 0.05 ಮೋಲಾರ್ ದ್ರಾವಣದಲ್ಲಿ 133.4 ಇರುವುದು 0.0005ಕ್ಕೆ ಇಳಿಯುವ ಹೊತ್ತಿಗೆ 147.8 ಆಗುತ್ತದೆ. ಸಾರತೆ ನೂರು ಪಟ್ಟು ಕಡಿಮೆಯಾದರೂ ಹೆಚ್ಚಳ ಶೇಕಡಾ 11ರಷ್ಟೇ. ಕೋಲ್‌ರೌಷ್ ಅಳೆದು ತೋರಿಸಿದಂತೆ, ಸಾರತೆ ಕಡಿಮೆಯಿರುವ ಕಡೆ ಈ ಏರಿಕೆ ಸಾರತೆಯ ವರ್ಗಮೂಲಕ್ಕೆ ಎದುರಾಗಿ ನೇರ ಗೆರೆಯಾಗುತ್ತದೆ. ಆ ಗೆರೆಯನ್ನು ಎಡಕ್ಕೆ ಚಾಚಿ ಲಂಬ ಅಕ್ಷವನ್ನು ಮುಟ್ಟಿಸಿದರೆ ಸಿಗುವುದೇ ಅನಂತ ಸಾರರಿಕ್ತತೆಯ, ಅಂದರೆ ಸಾರತೆ ಸೊನ್ನೆಯತ್ತ ಇಳಿದಾಗಿನ, ಬೆಲೆ Λ°. ಪೊಟ್ಯಾಸಿಯಂ ಕ್ಲೋರೈಡಿಗೆ 25 ಡಿಗ್ರಿಯಲ್ಲಿ ಅದು 149.9.

ವಿದ್ಯಾರ್ಥಿನಿಯ ಓದುಗಳು ಹೀಗಿದ್ದವು. ಕೊನೆಯ ಕಾಲಂ ಕೈಪಿಡಿಗಳಲ್ಲಿ ಸಿಗುವ ಬೆಲೆ. ಹೋಲಿಕೆಗೆಂದು ಅದನ್ನು ನಾನು ಸೇರಿಸಿದ್ದೇನೆ.

| ಸಾರತೆ | ಮೀಟರ್ ಓದು | ಲೆಕ್ಕದ Λ | ಕೈಪಿಡಿಯ Λ |
|---|---|---|---|
| 0.05 | 6674 | 133.5 | 133.4 |
| 0.01 | 1418.7 | 141.9 | 141.3 |
| 0.005 | 723.8 | 144.8 | 143.6 |
| 0.001 | 153.0 | 153.0 | 147.0 |
| 0.0005 | 79.9 | 159.8 | 147.8 |

ಐದೂ ಬಿಂದುಗಳ ನಡುವೆ ಅವಳು ನೇರ ಗೆರೆ ಎಳೆದಿದ್ದಳು. ಅದು ಅಕ್ಷವನ್ನು ಮುಟ್ಟಿದ್ದು 157ರ ಹತ್ತಿರ.

ಕೈಪಿಡಿ ಇಲ್ಲದಿದ್ದರೂ ಇದು ತಪ್ಪೆಂದು ಹೇಳಲು ಒಂದು ದಾರಿ ಇದೆ. ಅದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವುದಿಲ್ಲ. ಗೆರೆಯ ಇಳಿಜಾರು ಎಷ್ಟಿರಬೇಕೆಂದು 1920ರ ದಶಕದಲ್ಲಿ ಒನ್ಸಾಗರ್ ಸಿದ್ಧಾಂತದಿಂದಲೇ ಲೆಕ್ಕ ಹಾಕಿಕೊಟ್ಟಿದ್ದಾರೆ. 25 ಡಿಗ್ರಿಯ ನೀರಿನಲ್ಲಿ, ಎರಡೂ ಅಯಾನುಗಳ ಆವೇಶ ಒಂದೊಂದೇ ಆಗಿರುವ ಲವಣಕ್ಕೆ:

```
ಇಳಿಜಾರು = 60.2 + 0.229 · Λ°
```

ಪೊಟ್ಯಾಸಿಯಂ ಕ್ಲೋರೈಡಿಗೆ ಇದು 94.5 ಆಗುತ್ತದೆ. ನಿಜವಾದ ದ್ರಾವಣಗಳ ಬಿಂದುಗಳು ಸಾರತೆ ಹೆಚ್ಚಿದಂತೆ ಈ ಸೀಮಾ ಗೆರೆಗಿಂತ ತುಸು ಮೇಲೆಯೇ ಇರುವುದರಿಂದ, ನಾವು ಎಳೆಯುವ ಗೆರೆಯ ಇಳಿಜಾರು 94.5ಕ್ಕಿಂತ ಸ್ವಲ್ಪ ಕಡಿಮೆ ಬರಬೇಕು. ಅವಳ ಗೆರೆಯ ಇಳಿಜಾರು 115. ಇಂತಹ ಲವಣದ ಗೆರೆ ಸಿದ್ಧಾಂತ ಹೇಳುವುದಕ್ಕಿಂತ ಕಡಿದಾಗಿದ್ದರೆ ಅಳತೆಯಲ್ಲಿ ಏನೋ ಸೇರಿಕೊಂಡಿದೆ ಎಂದೇ ತಿಳಿಯಬೇಕು.

ಬಾಗಿನ ಆಕಾರವೇ ಸುಳಿವು

ಇಂತಹ ಹೊತ್ತಿನಲ್ಲಿ ಎಲ್ಲರ ಅನುಮಾನವೂ ಮೊದಲು ಹೋಗುವುದು ಸೆಲ್ ಸ್ಥಿರಾಂಕದ ಕಡೆಗೆ, ಅಂದರೆ ದ್ರಾವಣದಲ್ಲಿ ಅದ್ದುವ ಸೆಲ್ಲಿನ ಅಳತೆಯನ್ನು ವಾಹಕತೆಯಾಗಿಸಲು ಗುಣಿಸುವ ಸಂಖ್ಯೆಯ ಕಡೆಗೆ. ಮೀಟರನ್ನು ಮತ್ತೆ ಸರಿಹೊಂದಿಸಲು ಅವಳು ಆಗಲೇ ಎದ್ದಿದ್ದಳು. ನಾನು ತಡೆದೆ. ಸ್ಥಿರಾಂಕ ತಪ್ಪಿದ್ದರೆ ಪ್ರತಿಯೊಂದು ಓದೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದೆ. ಶೇಕಡಾ 4 ಹೆಚ್ಚಾದರೆ ಐದೂ ಬಿಂದುಗಳು ಶೇಕಡಾ 4 ಮೇಲೇರುತ್ತವೆ. ಗೆರೆ ಇಡಿಯಾಗಿ ಮೇಲೆ ಹೋಗುತ್ತದೆಯೇ ಹೊರತು ಒಂದು ತುದಿಯಲ್ಲಿ ಬಾಗುವುದಿಲ್ಲ. ಇಲ್ಲಿ 0.05ರ ಬಿಂದು ಸರಿಯಾಗಿಯೇ ಇದೆ. ಆದ್ದರಿಂದ ಸೆಲ್ ಸ್ಥಿರಾಂಕ ತಪ್ಪಿತಸ್ಥನಲ್ಲ.

ಉಷ್ಣತೆಯ ವಿಷಯದಲ್ಲೂ ವಾದ ಇದೇ. ಲವಣದ ದ್ರಾವಣದ ವಾಹಕತೆ ಡಿಗ್ರಿಗೆ ಸುಮಾರು ಶೇಕಡಾ 2 ಏರುತ್ತದೆ. ಮಾರ್ಚ್ ಮಧ್ಯಾಹ್ನ ನಮ್ಮ ಕೊಠಡಿ 32 ಡಿಗ್ರಿ ಮುಟ್ಟುತ್ತದೆ, ನಲ್ಲಿಯ ನೀರೇ 29ರ ಮೇಲಿರುತ್ತದೆ. ಆದ್ದರಿಂದ ನೀರಿನ ತೊಟ್ಟಿಯನ್ನು 25ರಲ್ಲಿ ನಿಲ್ಲಿಸಲು ಹೊರಗಿನಿಂದ ಐಸ್ ತರಿಸಿ, ಹಿಡಿಹಿಡಿಯಾಗಿ ಹಾಕುತ್ತಾ ಕಲಕುತ್ತಿರಬೇಕು. ಆ ಕೆಲಸವನ್ನು ಅವಳು ಶ್ರದ್ಧೆಯಿಂದಲೇ ಮಾಡಿದ್ದಳು. ಥರ್ಮಾಮೀಟರ್ 25ರಲ್ಲೇ ನಿಂತಿತ್ತು. ನಡುವೆ ಐಸ್ ಕರಗಿ ಬಿಸಿ ಏರುತ್ತಾ ಹೋಗಿದ್ದರೆ ಓದಿದ ಕ್ರಮದಲ್ಲಿ ತಪ್ಪು ಬೆಳೆಯುತ್ತಿತ್ತು, ನಿಜ. ಆದರೆ ಕೊನೆಯ ಬಿಂದುವಿನ ತಪ್ಪು ಶೇಕಡಾ 8. ಅಷ್ಟಾಗಲು ತೊಟ್ಟಿ 29 ಡಿಗ್ರಿಗೆ ಏರಿರಬೇಕಿತ್ತು.

ಸಾರರಿಕ್ತಗೊಳಿಸುವಾಗ ಪಿಪೆಟ್ ತಪ್ಪಿರಬಹುದೇ? ಪಿಪೆಟ್ಟಿನ ತಪ್ಪು ಪ್ರತಿ ಹಂತದಲ್ಲೂ ಒಂದೇ ಅನುಪಾತದಲ್ಲಿ ಗುಣಿಸಿಕೊಂಡು ಹೋಗುತ್ತದೆ, ಇಲ್ಲವೇ ಬಿಂದುಗಳನ್ನು ಮೇಲೂ ಕೆಳಗೂ ಚದುರಿಸುತ್ತದೆ. ಇಲ್ಲಿನ ತಪ್ಪಿಗೆ ಬೇರೆಯೇ ನಡೆ ಇದೆ. ಕೈಪಿಡಿಯ ಬೆಲೆಗಿಂತ ಎಷ್ಟು ಹೆಚ್ಚಿದೆ ಎಂದು ಬಿಂದುಬಿಂದುವಿಗೂ ಬರೆಯಲು ಹೇಳಿದೆ: 0.01ರಲ್ಲಿ 0.6, 0.005ರಲ್ಲಿ 1.2, 0.001ರಲ್ಲಿ 6, 0.0005ರಲ್ಲಿ 12. ಸಾರತೆ ಅರ್ಧವಾದಾಗ ತಪ್ಪು ಎರಡರಷ್ಟು, ಹತ್ತನೇ ಒಂದಾದಾಗ ಹತ್ತರಷ್ಟು. ಹೆಚ್ಚುವರಿಯನ್ನು ಸಾರತೆಯಿಂದ ಗುಣಿಸಿದರೆ ಪ್ರತಿ ಸಲವೂ 0.006 ಬರುತ್ತದೆ. ಅಂದರೆ ಮೀಟರಿನ ಪ್ರತಿಯೊಂದು ಓದಿಗೂ ಒಂದೇ ಮೊತ್ತ, 6 ಮೈಕ್ರೋಸೀಮೆನ್ಸ್, ಸೇರಿಕೊಂಡಿದೆ. ಲವಣ ಎಷ್ಟಿದ್ದರೂ ಬದಲಾಗದೆ ಎಲ್ಲ ಬೀಕರುಗಳಲ್ಲೂ ಸಮನಾಗಿರುವ ವಸ್ತು ಒಂದೇ: ನೀರು.

6674ರಲ್ಲಿ 6 ಯಾರ ಕಣ್ಣಿಗೂ ಬೀಳುವುದಿಲ್ಲ. 79.9ರಲ್ಲಿ ಅದೇ 6 ಎಂದರೆ ಶೇಕಡಾ 7.5. ಆ ಓದನ್ನು 0.0005ರಿಂದ ಭಾಗಿಸಿದ ಕೂಡಲೇ ಅದು 12 ಆಗಿ ನಕ್ಷೆಯ ಮೇಲೆ ಎದ್ದು ನಿಲ್ಲುತ್ತದೆ. ಅನಂತ ಸಾರರಿಕ್ತತೆಯತ್ತ ಹೋದಷ್ಟೂ ನಾವು ಲವಣವನ್ನು ಅಳೆಯುವುದು ಕಡಿಮೆಯಾಗಿ ನೀರನ್ನು ಅಳೆಯುವುದು ಹೆಚ್ಚಾಗುತ್ತದೆ. ಗೆರೆಯನ್ನು ಚಾಚುವುದಕ್ಕೆ ನಮಗೆ ಬಹಳ ಬೇಕಾದ ಬಿಂದುಗಳೇ ಬಹಳ ಕೆಡುವ ಬಿಂದುಗಳೂ ಹೌದು.

ನೀರು ಚೆಲ್ಲಿಹೋಗಿದ್ದರೆ

ಬಳಸಿದ ನೀರನ್ನು ಅಳೆದಿದ್ದೀಯಾ ಎಂದು ಕೇಳಿದಾಗ, ಇಲ್ಲ ಎಂದಳು. ದ್ರಾವಣಕ್ಕೆ ಬಳಸಿದ ನೀರು ಉಳಿದಿರದಿದ್ದರೂ ಓದುಗಳಿಂದಲೇ ಅದರ ವಾಹಕತೆಯನ್ನು ಅಂದಾಜು ಮಾಡಬಹುದು. ಸಾರತೆ ಬಹಳ ಕಡಿಮೆಯಿರುವ ಎರಡು ಓದುಗಳನ್ನು ತೆಗೆದುಕೊಳ್ಳಿ: 0.001ಕ್ಕೆ 153.0, 0.0005ಕ್ಕೆ 79.9. ಸಾರತೆ 0.0005 ಕಡಿಮೆಯಾದಾಗ ಓದು 73.1 ಇಳಿದಿದೆ. ಇನ್ನೊಂದು 0.0005 ಕಡಿಮೆ ಮಾಡಿದರೆ ಲವಣ ಸೊನ್ನೆಯಾಗುತ್ತದೆ, ಓದು 79.9ರಿಂದ 73.1 ಇಳಿದು 6.8 ಉಳಿಯುತ್ತದೆ. ನಿಜವಾದ ಬೆಲೆಗಿಂತ ಇದು ಸುಮಾರು 0.8 ಹೆಚ್ಚು, ಏಕೆಂದರೆ ಸಾರತೆ ಇಳಿದಂತೆ ಪ್ರತಿ ಮೋಲಿನ ವಾಹಕತೆ ತುಸು ಏರುವುದನ್ನು ಈ ಲೆಕ್ಕ ಗಣನೆಗೆ ತೆಗೆದುಕೊಳ್ಳುವುದಿಲ್ಲ. ದೋಷ ನೀರಿನದೇ ಎಂದು ಖಚಿತಪಡಿಸಿಕೊಳ್ಳಲು ಇಷ್ಟು ಸಾಕು, ಅಂತಿಮ ಲೆಕ್ಕಕ್ಕೆ ಸಾಲದು.

ನಮ್ಮ ಅದೃಷ್ಟಕ್ಕೆ ಕ್ಯಾನಿನಲ್ಲಿ ಅದೇ ನೀರು ಉಳಿದಿತ್ತು. ಅಳೆಯುವ ಮೊದಲು ಒಂದು ಅನುಮಾನವನ್ನು ನಿವಾರಿಸಿಕೊಳ್ಳಬೇಕಿತ್ತು. ಅವಳು ಸಾರತೆ ಹೆಚ್ಚಿದ್ದ ದ್ರಾವಣದಿಂದ ಶುರುಮಾಡಿ ಕಡಿಮೆಯಿದ್ದುದರ ಕಡೆಗೆ ಬಂದಿದ್ದಳು. ಸೆಲ್ಲಿನ ಪ್ಲಾಟಿನಂ ಫಲಕಗಳ ಮೇಲಿನ ಕಪ್ಪು ಲೇಪ ಸ್ಪಂಜಿನಂತೆ ಲವಣವನ್ನು ಹಿಡಿದಿಟ್ಟುಕೊಂಡು ಮುಂದಿನ ಬೀಕರಿಗೆ ಸಾಗಿಸುತ್ತದೆ. ಯಾವಾಗಲೂ ಸಾರರಿಕ್ತವಾದುದರಿಂದ ಹೊರಟು ಸಾರತೆ ಹೆಚ್ಚಿರುವುದರ ಕಡೆಗೆ ಹೋಗಬೇಕು. ಹಾಗಾದರೆ ಆ 6 ಬಂದದ್ದು ನೀರಿನಿಂದಲೋ ಸೆಲ್ಲಿನಿಂದಲೋ? ಕ್ಯಾನಿನ ನೀರನ್ನು ಬೀಕರಿಗೆ ಸುರಿದು ಸೆಲ್ ಅದ್ದಿ ಓದಿದೆವು, ಚೆಲ್ಲಿ ಹೊಸ ನೀರು ಸುರಿದು ಮತ್ತೆ ಓದಿದೆವು. 6.4, 6.1, 6.0, 6.0. ಲೇಪದಲ್ಲಿ ಸಿಕ್ಕಿಕೊಂಡ ಲವಣವಾಗಿದ್ದರೆ ಓದು ಪ್ರತಿ ಸಲವೂ ಇಳಿಯುತ್ತಲೇ ಇರುತ್ತಿತ್ತು. ಮೊದಲ ಎರಡು ಓದುಗಳಲ್ಲಿ ಸ್ವಲ್ಪ ಇಳಿದು ಆರಕ್ಕೆ ನಿಂತುಬಿಟ್ಟಿತು ಎಂದರೆ ಅದು ನೀರಿನ ಸ್ವಂತದ್ದು.

ಭಟ್ಟಿ ಇಳಿಸಿದ ನೀರಿಗೆ 6 ಹೆಚ್ಚು. ಏನೂ ಬೆರೆಯದ ನೀರು 25 ಡಿಗ್ರಿಯಲ್ಲಿ 0.055 ಮೈಕ್ರೋಸೀಮೆನ್ಸ್ ಮಾತ್ರ ತೋರಿಸುತ್ತದೆ. ಆ ಮಟ್ಟದ ಹತ್ತಿರ ಹೋಗಲು ಕೋಲ್‌ರೌಷ್ ಮತ್ತು ಹೈಡ್‌ವೈಲರ್ 1894ರಲ್ಲಿ ನಿರ್ವಾತದಲ್ಲಿ ನೀರನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿದ್ದರು. ಗಾಳಿಗೆ ತೆರೆದಿಟ್ಟ ನೀರು ಅಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕುಡಿದು ಸುಮಾರು 0.9ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮೇಲಿನದೆಲ್ಲ ಬೇರೆ ಕಡೆಯಿಂದ ಬಂದದ್ದು. ಕ್ಯಾನಿನ ನೀರನ್ನು ಕುದಿಸಿ, ಮುಚ್ಚಿ ತಣಿಸಿ ಅಳೆದಾಗ 5.2 ಬಂತು. ಅನಿಲ ಹೋಯಿತು, ಲವಣ ಉಳಿಯಿತು. ಭಟ್ಟಿಯಿಂದ ಹೊಸದಾಗಿ ಇಳಿಸಿ, ಮೊದಲ ಅರ್ಧ ಲೀಟರ್ ಚೆಲ್ಲಿ, ಗಾಜಿನ ಸೀಸೆಯಲ್ಲಿ ಹಿಡಿದ ನೀರು 1.4 ತೋರಿಸಿತು. ಹಾಗಾದರೆ ಭಟ್ಟಿ ಚೆನ್ನಾಗಿದೆ, ಕೆಟ್ಟಿರುವುದು ಕ್ಯಾನು. ವಿಚಾರಿಸಿದಾಗ, ಹಿಂದಿನ ವಾರ ಅದನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೆಯೇ ತುಂಬಿಸಿದ್ದರೆಂದು ತಿಳಿಯಿತು. ನಮ್ಮ ಬೋರ್‌ವೆಲ್ ನೀರು ಸಾವಿರ ಮೈಕ್ರೋಸೀಮೆನ್ಸಿನ ಆಸುಪಾಸು ಇದೆ. ಇಪ್ಪತ್ತು ಲೀಟರ್ ಕ್ಯಾನಿನ ತಳದಲ್ಲಿ ಒಂದು ಲೋಟದ ಅರ್ಧದಷ್ಟು ಉಳಿದಿದ್ದರೂ ಈ 5 ಬಂದುಬಿಡುತ್ತದೆ.

ಕಳೆದ ಮೇಲೆ

ಪ್ರತಿ ಓದಿನಿಂದ 6.0 ಕಳೆದಾಗ ಮೋಲಾರ್ ವಾಹಕತೆಗಳು 133.4, 141.3, 143.6, 147.0, 147.8 ಎಂದು ಕೈಪಿಡಿಯ ಬೆಲೆಗಳಿಗೇ ಬಂದು ಕೂತವು. ಎಡತುದಿಯ ಬಾಗು ಹೋಯಿತು. ಆದರೆ ಐದೂ ಬಿಂದುಗಳಿಗೆ ಗೆರೆ ಹೊಂದಿಸಿದರೆ ಅಕ್ಷದ ಮೇಲೆ 149.0 ಬರುತ್ತದೆ, ಇಳಿಜಾರು 71. ಈಗ ತಪ್ಪು ಎದುರು ದಿಕ್ಕಿಗೆ ಹೋಗಿದೆ. ಕಾರಣ 0.05ರ ಬಿಂದು. ವರ್ಗಮೂಲದ ನಿಯಮ ಕಡಿಮೆ ಸಾರತೆಗೆ ಮಾತ್ರ ಸಲ್ಲುತ್ತದೆ, 0.05ರಲ್ಲಿ ಬಿಂದು ಸೀಮಾ ಗೆರೆಗಿಂತ ಸಾಕಷ್ಟು ಮೇಲಿರುತ್ತದೆ. ಉಳಿದ ಬಿಂದುಗಳಿಂದ ದೂರದಲ್ಲಿ ಒಂಟಿಯಾಗಿ ನಿಂತಿರುವುದರಿಂದ ಅದು ಗೆರೆಯನ್ನು ಬಲವಾಗಿ ತನ್ನತ್ತ ತಿರುಗಿಸುತ್ತದೆ. ಅದನ್ನು ಬಿಟ್ಟು 0.01 ಮತ್ತು ಅದಕ್ಕಿಂತ ಕಡಿಮೆಯ ನಾಲ್ಕು ಬಿಂದುಗಳಿಗೆ ಮಾತ್ರ ಗೆರೆ ಹೊಂದಿಸಿದಾಗ 149.7 ಬಂತು, ಇಳಿಜಾರು 84. ಸಿದ್ಧಾಂತದ 94.5ಕ್ಕಿಂತ ಕಡಿಮೆ, ಆದರೆ ಅದರ ಹತ್ತಿರ. ಹೀಗೆಯೇ ಇರಬೇಕು.

ಕಳೆಯುವುದರಿಂದ ಉತ್ತರ ಸರಿಯಾಯಿತೆಂದು ನಾನು ಅವಳನ್ನು ಅಲ್ಲಿಗೇ ಬಿಡಲಿಲ್ಲ. ನೀರಿನ ಓದೇ 0.3 ಆಚೀಚೆ ಆಗಬಹುದು. 0.0005ರ ಬಿಂದುವಿನಲ್ಲಿ ಅದು 0.6 ಆಗುತ್ತದೆ, 0.0001ಕ್ಕೆ ಇಳಿದರೆ 3 ಆಗುತ್ತದೆ. ಆದ್ದರಿಂದ ನಾನು ಪಾಲಿಸುವ ಮಿತಿ ಇದು: ನೀರಿನ ಪಾಲು ಓದಿನ ಶೇಕಡಾ 2 ಮೀರಿದರೆ ಆ ಬಿಂದುವನ್ನು ಗೆರೆಗೆ ಸೇರಿಸುವುದಿಲ್ಲ. 1.4ರ ನೀರಿನಲ್ಲಿ 0.0005ರ ದ್ರಾವಣ ಈ ಮಿತಿಯೊಳಗೇ ಬರುತ್ತದೆ. ಹೊಸ ನೀರಿನಲ್ಲಿ ಎಲ್ಲವನ್ನೂ ಮತ್ತೆ ಮಾಡಲು ಅವಳಿಗೆ ಇನ್ನೂ ಎರಡು ಗಂಟೆ ಬೇಕಾಯಿತು. ಆ ಎರಡು ಗಂಟೆಯನ್ನು ಉಳಿಸುವ ದಾರಿ ನನಗೆ ತಿಳಿದಿಲ್ಲ.

ಎರಡನೆಯ ಹಾಳೆ

ಈಗ ಅಸಿಟಿಕ್ ಆಮ್ಲದ ನಕ್ಷೆ. ಹೊಸ ನೀರಿನಲ್ಲಿ ಮಾಡಿದ ಓದುಗಳಿಂದ ಬಂದ ಮೋಲಾರ್ ವಾಹಕತೆ: 0.1ರಲ್ಲಿ 5.2, 0.05ರಲ್ಲಿ 7.4, 0.02ರಲ್ಲಿ 11.6, 0.01ರಲ್ಲಿ 16.2, 0.001ರಲ್ಲಿ 48.8. ನೀರು ಬದಲಾಯಿಸಿದರೂ ಬಾಗು ಹಾಗೆಯೇ ಇತ್ತು. "ಇನ್ನೂ ದೋಷ ಉಳಿದಿದೆ" ಎಂದು ಅವಳು ಕುಗ್ಗಿದಳು. ದೋಷ ಉಳಿದಿರಲಿಲ್ಲ.

ಅಸಿಟಿಕ್ ಆಮ್ಲ ದುರ್ಬಲ ವಿದ್ಯುದ್ವಿಭಾಜ್ಯ. 0.1 ಮೋಲಾರ್ ದ್ರಾವಣದಲ್ಲಿ ನೂರು ಅಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಅಯಾನುಗಳಾಗಿ ಒಡೆದಿರುತ್ತವೆ. ನೀರು ಬೆರೆಸಿದಂತೆ ಒಡೆಯುವ ಅಣುಗಳ ಪಾಲು ಹೆಚ್ಚುತ್ತದೆ, 0.001ರ ಹೊತ್ತಿಗೆ ಅದು ಎಂಟರಲ್ಲಿ ಒಂದು. ಇಲ್ಲಿನ ಏರಿಕೆಗೆ ಕಾರಣ ಅಯಾನುಗಳ ಓಟ ಸುಗಮವಾದದ್ದಲ್ಲ, ಹೊಸ ಅಯಾನುಗಳೇ ಹುಟ್ಟುತ್ತಿರುವುದು. ಹಾಗಾಗಿಯೇ ಸಾರತೆ ನೂರನೇ ಒಂದಕ್ಕೆ ಇಳಿದಾಗ ಬೆಲೆ ಶೇಕಡಾ 11 ಅಲ್ಲ, ಒಂಬತ್ತು ಪಟ್ಟಿಗೂ ಹೆಚ್ಚು ಏರಿತು.

ಬಾಗು ಸಹಜವೋ ನೀರಿನಿಂದ ಬಂದದ್ದೋ ಎಂದು ತಿಳಿಯಲು ಪ್ರತಿ ಬಿಂದುವಿನಲ್ಲೂ ಮೋಲಾರ್ ವಾಹಕತೆಯನ್ನು ಸಾರತೆಯ ವರ್ಗಮೂಲದಿಂದ ಗುಣಿಸಿ ನೋಡಬೇಕು. ಸ್ವಲ್ಪವೇ ಒಡೆಯುವ ಆಮ್ಲದಲ್ಲಿ ಒಡೆದ ಪಾಲು ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ಈ ಗುಣಲಬ್ಧ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಇಲ್ಲಿ ಅದು 0.1ರಲ್ಲಿ 1.64, 0.02ರಲ್ಲಿ 1.64, 0.01ರಲ್ಲಿ 1.62, 0.001ರಲ್ಲಿ 1.54. ಕೊನೆಗೆ ಮೆಲ್ಲನೆ ಇಳಿಯುವುದೂ ಸರಿಯೇ; ಒಡೆಯದ ಅಣುಗಳು ಕಡಿಮೆಯಾಗುತ್ತಿವೆ. ನೀರಿನ ಲವಣ ಸೇರಿದ್ದರೆ ಎಡತುದಿಯಲ್ಲಿ ಈ ಗುಣಲಬ್ಧ ಇಳಿಯುವ ಬದಲು ಏರುತ್ತಿತ್ತು.

ತಪ್ಪು ಇದ್ದದ್ದು ಓದಿನಲ್ಲಲ್ಲ, ಆ ಓದುಗಳ ನಡುವೆ ಎಳೆದ ಗೆರೆಯಲ್ಲಿ. ಮೊದಲ ನಾಲ್ಕು ಬಿಂದುಗಳಿಗೆ ನೇರ ಗೆರೆ ಹೊಂದಿಸಿ ಅವಳು Λ° ಸುಮಾರು 20 ಎಂದು ಬರೆದಿದ್ದಳು. ಐದನೆಯದನ್ನೂ ಸೇರಿಸಿದರೆ 39 ಬರುತ್ತದೆ. ಅನಂತ ಸಾರರಿಕ್ತತೆಯ ಬೆಲೆ ಎಲ್ಲಕ್ಕಿಂತ ಹೆಚ್ಚಿರಬೇಕಲ್ಲವೇ? 0.001ರಲ್ಲೇ 48.8 ಅಳೆದಾಗಿದೆ. ನಿಜವಾದ ಬೆಲೆ 390ರ ಆಚೆ ಇದೆ. ವಕ್ರರೇಖೆ ಅಕ್ಷದ ಹತ್ತಿರ ಹೋದಂತೆ ಗೋಡೆಯಂತೆ ನೆಟ್ಟಗೆ ಏರುತ್ತದೆ. ಆ ಗೋಡೆಯ ತುದಿಯನ್ನು ಕೆಳಗಿನ ಬಿಂದುಗಳಿಂದ ಯಾವ ಕೈಯೂ ಎಳೆದು ಮುಟ್ಟಿಸಲಾರದು.

ಗೆರೆಯನ್ನು ನೇರಗೊಳಿಸುವ ಇನ್ನೊಂದು ದಾರಿ ಇದೆಯಲ್ಲ ಎಂದು ಓದಿಕೊಂಡ ವಿದ್ಯಾರ್ಥಿಗಳು ಕೇಳುತ್ತಾರೆ. ಓಸ್ಟ್‌ವಾಲ್ಡ್ 1888ರಲ್ಲಿ ಕೊಟ್ಟ ನಿಯಮವನ್ನು ತಿರುಗಿಸಿ ಬರೆದರೆ ಹೀಗಾಗುತ್ತದೆ:

```
1/Λ = 1/Λ° + c·Λ / (K · Λ°²)
```

ಇಲ್ಲಿ K ಆಮ್ಲದ ವಿಯೋಜನಾ ಸ್ಥಿರಾಂಕ. `1/Λ` ಮತ್ತು `c·Λ` ನಡುವೆ ಇದು ನೇರ ಗೆರೆ, ನಿಜ. ಆದರೆ ಅಕ್ಷದ ಮೇಲೆ ಸಿಗಬೇಕಾದ ಬೆಲೆ 0.0026ರಷ್ಟು ಸಣ್ಣದು, ನಮ್ಮ ಬಿಂದುಗಳು ಇರುವುದು 0.02ರಿಂದ 0.19ರವರೆಗೆ. 0.1 ಮತ್ತು 0.001ರ ಬಿಂದುಗಳಿಂದ ಲೆಕ್ಕ ಹಾಕಿದರೆ Λ° ಸುಮಾರು 371 ಬರುತ್ತದೆ, ಪರವಾಗಿಲ್ಲ ಎನ್ನಿಸುತ್ತದೆ. ಈಗ 0.001ರ ಬೆಲೆ ಶೇಕಡಾ 2 ಹೆಚ್ಚಾಗಿತ್ತು ಎಂದಿಟ್ಟುಕೊಳ್ಳಿ, 48.8ರ ಬದಲು 49.8. ಉತ್ತರ 540ಕ್ಕೆ ಹಾರುತ್ತದೆ. ಶೇಕಡಾ 2 ಕಡಿಮೆಯಾದರೆ 280ಕ್ಕೆ ಬೀಳುತ್ತದೆ. ಆ ಶೇಕಡಾ 2 ಎಂದರೆ ಮೀಟರಿನಲ್ಲಿ ಒಂದು ಮೈಕ್ರೋಸೀಮೆನ್ಸ್. ಮತ್ತೆ ಅದೇ ನೀರು.

ಆಮ್ಲದಲ್ಲಿ ನೀರಿನ ಪಾಲನ್ನು ಕಳೆದು ಸರಿಪಡಿಸುವಂತೆಯೂ ಇಲ್ಲ. ಶುದ್ಧ ನೀರಿನಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಬಂದ 0.9 ಏನಿದೆಯೋ ಅದು ಕಾರ್ಬಾನಿಕ್ ಆಮ್ಲ ಒಡೆದದ್ದರಿಂದ ಬಂದದ್ದು. ಅಸಿಟಿಕ್ ಆಮ್ಲದ ಹೈಡ್ರೋಜನ್ ಅಯಾನುಗಳು ತುಂಬಿಕೊಂಡ ಕೂಡಲೇ ಆ ಒಡೆಯುವಿಕೆ ಐವತ್ತನೇ ಒಂದು ಪಾಲಿಗಿಂತಲೂ ಕೆಳಗೆ ಅದುಮಿಹೋಗುತ್ತದೆ. ಬೀಕರಿನಲ್ಲಿ ಇಲ್ಲದ 0.9ನ್ನು ಓದಿನಿಂದ ಕಳೆದರೆ ನಾವೇ ಹೊಸ ತಪ್ಪೊಂದನ್ನು ಸೇರಿಸಿದಂತೆ. ಲವಣಕ್ಕೆ ಮದ್ದಾದದ್ದು ಆಮ್ಲಕ್ಕೆ ಮದ್ದಲ್ಲ. ಇಲ್ಲಿ ನೀರನ್ನೇ ಆದಷ್ಟು ಶುದ್ಧವಾಗಿ ಇಟ್ಟುಕೊಳ್ಳಬೇಕು.

ಸುತ್ತುದಾರಿ

ನೇರವಾಗಿ ತಲುಪಲಾಗದ್ದನ್ನು ಕೋಲ್‌ರೌಷ್ ಸುತ್ತುದಾರಿಯಿಂದ ತಲುಪಿಸಿದರು. ಅನಂತ ಸಾರರಿಕ್ತತೆಯಲ್ಲಿ ಅಯಾನುಗಳು ಒಂದನ್ನೊಂದು ಲೆಕ್ಕಿಸದೆ ತಮ್ಮ ತಮ್ಮ ಪಾಲನ್ನು ಕೊಡುತ್ತವೆ. ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಅಸಿಟೇಟ್, ಸೋಡಿಯಂ ಕ್ಲೋರೈಡ್ ಮೂರೂ ಪ್ರಬಲವಾದುದರಿಂದ ಅವುಗಳ ಗೆರೆಗಳನ್ನು ಧೈರ್ಯವಾಗಿ ಚಾಚಬಹುದು. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ಸೋಡಿಯಂ ಮತ್ತು ಕ್ಲೋರೈಡ್ ಹೊರಟುಹೋಗಿ ಹೈಡ್ರೋಜನ್ ಮತ್ತು ಅಸಿಟೇಟ್ ಉಳಿಯುತ್ತವೆ. ಮುಂದಿನ ವಾರ ಅವಳು ಮೂರನ್ನೂ ಅಳೆದಳು: 424.1, 91.6, 126.0. ಉತ್ತರ 389.7. ಕೈಪಿಡಿಯ ಬೆಲೆಗಳಾದ 426.0, 91.0, 126.4ರಿಂದ ಬರುವುದು 390.6.

ಈ ಮೂರರಲ್ಲಿ ಕಣ್ಣಿಡಬೇಕಾದದ್ದು ಹೈಡ್ರೋಕ್ಲೋರಿಕ್ ಆಮ್ಲ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅದರದು, ಆದ್ದರಿಂದ ಅದರ ಶೇಕಡಾ 1ರ ತಪ್ಪು ಉತ್ತರದಲ್ಲಿ 4 ಆಗಿ ಕೂರುತ್ತದೆ. ಐಸ್ ತರಿಸದೆ 30 ಡಿಗ್ರಿಯಲ್ಲೇ ಕೆಲಸ ಮುಗಿಸುವವರಿಗೆ ಇಲ್ಲೊಂದು ಬಲೆ ಇದೆ. ಮೀಟರನ್ನು ಅದೇ 30 ಡಿಗ್ರಿಯ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಟ್ಟು 25ರ ಬೆಲೆಯಾದ 1413ಕ್ಕೆ ಹೊಂದಿಸಿದರೆ, ಎರಡು ಲವಣಗಳ ಬೆಲೆಗಳು ಹೆಚ್ಚುಕಡಿಮೆ 25ರ ಬೆಲೆಗಳಾಗಿಯೇ ಬರುತ್ತವೆ. ಒಂದೇ ಬಗೆಯ ಏರಿಕೆ ಎರಡೂ ಕಡೆ ಇದ್ದು ಪರಸ್ಪರ ಅಳಿಸಿಹೋಗುತ್ತದೆ. ಹೈಡ್ರೋಜನ್ ಅಯಾನಿನ ಏರಿಕೆ ಡಿಗ್ರಿಗೆ ಶೇಕಡಾ 1.5ರ ಹತ್ತಿರ ಮಾತ್ರ. ಆದ್ದರಿಂದ ಆಮ್ಲದ ಬೆಲೆಯೊಂದು ಮಾತ್ರ ಶೇಕಡಾ ಎರಡರಷ್ಟು ಕಡಿಮೆ ಬರುತ್ತದೆ, ಅಂತಿಮ ಉತ್ತರ ಎಂಟು ಹತ್ತು ಕುಸಿಯುತ್ತದೆ. ಗೆರೆ ಮೂರೂ ನೇರವಾಗಿಯೇ ಇರುವುದರಿಂದ ನಕ್ಷೆ ಏನನ್ನೂ ಹೇಳುವುದಿಲ್ಲ.

ಬಂದ Λ°ಯನ್ನು ಪರೀಕ್ಷಿಸಲು ಅದರಿಂದಲೇ ಆಮ್ಲದ ವಿಯೋಜನಾ ಸ್ಥಿರಾಂಕ K ಲೆಕ್ಕ ಹಾಕಿಸಿದೆ. ಒಡೆದ ಪಾಲು α ಎಂದರೆ Λ ಭಾಗಿಸು Λ°. ಆಮೇಲೆ:

```
K = c · α² / (1 − α)
```

389.7 ಇಟ್ಟಾಗ 0.1, 0.01, 0.001 ಮೂರರಲ್ಲೂ K ಬಂದದ್ದು 1.8 × 10⁻⁵. ಸಾರತೆ ನೂರು ಪಟ್ಟು ಬದಲಾದರೂ ಸ್ಥಿರಾಂಕ ಅಲುಗಾಡಲಿಲ್ಲ. ಅವಳು ಮೊದಲು ಬರೆದಿದ್ದ 20ನ್ನು ಇಟ್ಟು ಇದೇ ಲೆಕ್ಕ ಮಾಡಲು ಹೇಳಿದೆ. 0.001ರ ಸಾಲಿಗೆ ಬಂದಾಗ α 2.4 ಎಂದು ಬಂತು. ಅವಳು ಪೆನ್ನು ಕೆಳಗಿಟ್ಟು, "ಮೇಡಂ, ಇರುವುದಕ್ಕಿಂತ ಹೆಚ್ಚು ಅಣುಗಳು ಒಡೆದಿವೆ" ಎಂದಳು. ಹಳೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ದಿನಾಂಕ ಹಾಕಿ, ಪಕ್ಕದಲ್ಲಿ ನೀರಿನ ಓದು 1.4 ಎಂದು ಬರೆದಳು.